ನಾಲ್ಕನೇ ಬೀಟಿನಲ್ಲಿ ಶುರುವಾಗುವ ಹಾಡಿಗೆ ಕೈ ಹೇಗೆ ತೋರಿಸುವುದು? ಎಡಗೈಗೆ ಏನು ಕೆಲಸ?

ಆಲ್ಟೊ_ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಕ್ವಾಯರ್ ನಡೆಸುತ್ತಿದ್ದವರು ಕೆಲಸದ ಮೇಲೆ ಬೇರೆ ಊರಿಗೆ ಹೋದರು. ಹತ್ತಾರು ವರ್ಷದಿಂದ ಆಲ್ಟೊ ಹಾಡುತ್ತಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ಈಗ ನನ್ನನ್ನು ಮುಂದೆ ನಿಲ್ಲಿಸಿದ್ದಾರೆ. ಎರಡು, ಮೂರು, ನಾಲ್ಕು ಬೀಟಿಗೆ ಕೈ ಗಾಳಿಯಲ್ಲಿ ಬರೆಯುವ ಚಿತ್ರಗಳನ್ನು ವಿಡಿಯೊ ನೋಡಿ ಕಲಿತೆ. ಕನ್ನಡಿ ಮುಂದೆ ಚೆನ್ನಾಗಿಯೇ ಬರುತ್ತದೆ. ಹಾಡುವವರ ಮುಂದೆ ನಿಂತರೆ ಎರಡು ಕಡೆ ಕೆಡುತ್ತದೆ.

ಒಂದು, ಹಾಡು ನಾಲ್ಕು ಬೀಟಿನದು, ಆದರೆ ಮೊದಲ ಅಕ್ಷರ ಬರುವುದು ನಾಲ್ಕನೇ ಬೀಟಿಗೆ. ನಾನು ಒಂದು, ಎರಡು, ಮೂರು ಎಂದು ಕೈಯಲ್ಲೇ ಪೂರ್ತಿ ತೋರಿಸುತ್ತೇನೆ. ಸೊಪ್ರಾನೊದಲ್ಲಿ ಒಬ್ಬರು ಎರಡಕ್ಕೇ ಬಾಯಿ ತೆರೆಯುತ್ತಾರೆ, ಬೇಸಿನವರು ಐದನೆಯದಕ್ಕೆ ಬರುತ್ತಾರೆ! ಇನ್ನೊಂದು, ನನ್ನ ಎಡಗೈ ಬಲಗೈಯನ್ನೇ ನಕಲು ಮಾಡುತ್ತದೆ. ಬೇರೆ ಏನಾದರೂ ಮಾಡಿಸಹೋದರೆ ಬಲಗೈ ತಪ್ಪುತ್ತದೆ. ಎಡಗೈಯನ್ನು ಸುಮ್ಮನೆ ಇಳಿಬಿಟ್ಟರೆ ಆಗುವುದಿಲ್ಲವೇ?

ತಾಳಪ್ರಿಯ

ಅಕ್ಕಾ, ಇದಕ್ಕೆ ಇಷ್ಟೊಂದು ತಲೆಬಿಸಿ ಯಾಕೆ? ನಮ್ಮಲ್ಲಿ ಆದಿ ತಾಳಕ್ಕೆ ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು-ಬೀಸು, ಪೆಟ್ಟು-ಬೀಸು ಹಾಕುತ್ತೇವಲ್ಲ, ಇದೂ ಅದೇ. ಪೆಟ್ಟು ಬಿದ್ದಲ್ಲಿ ಒಂದನೇ ಬೀಟು, ಅಷ್ಟೇ. ಮೂರರ ಲೆಕ್ಕ ಬೇಕಿದ್ದರೆ ರೂಪಕಕ್ಕೆ ಎರಡು ಪೆಟ್ಟು ಒಂದು ಬೀಸು ಹಾಕುವ ರೂಢಿ ಇದ್ದೇ ಇದೆ. ನಾಲ್ಕನೇ ಎಣಿಕೆಯಲ್ಲಿ ಎತ್ತುಗಡೆ ಇರುವ ಕೃತಿಗಳನ್ನು ನಾವು ಹಾಡುವುದಿಲ್ಲವೇ? ಬಾಯಲ್ಲಿ ಗಟ್ಟಿಯಾಗಿ "ಒಂದು, ಎರಡು, ಮೂರು" ಅನ್ನಿ, ಎಲ್ಲರೂ ಸರಿಯಾಗಿ ಬರುತ್ತಾರೆ.

ಬಸ್ರೂರು_ಬೇಸ್

ಮಾರಾಯ್ರೆ, ಭಾನುವಾರ ಆರಾಧನೆ ನಡುವೆ ಗಟ್ಟಿಯಾಗಿ ಒಂದು ಎರಡು ಮೂರು ಅಂದರೆ ಪಾಸ್ಟರ್ ಏನು ಹೇಳಿಯಾರು!

ನಾನು ಹಾಡುವವನ ಕಡೆಯಿಂದ ಹೇಳುತ್ತೇನೆ. ಅಕ್ಕನವರು ಐದನೆಯದಕ್ಕೆ ಬರುವ ಬೇಸಿನವರು ಅಂದರಲ್ಲ, ನಾವು ಅದೇ ಜಾತಿ. ನಾವು ಪುಸ್ತಕದ ಮೇಲಂಚಿನಿಂದ ನೋಡುವವರು. ನಮಗೆ ನಿಜಕ್ಕೂ ಕಾಣುವುದು ಎರಡೇ: ಕೈ ಕೆಳಗೆ ಬಂತಾ, ಮೇಲೆ ಹೋಯಿತಾ. ನಡುವೆ ಅತ್ತಿತ್ತ ಹೋಗುವುದೆಲ್ಲ ಕಣ್ಣಂಚಿಗೆ. ಇನ್ನು ಕೈ ಹೊಟ್ಟೆಯ ಮಟ್ಟದಲ್ಲಿ ಆಡುತ್ತಿದ್ದರೆ ಮುಂದಿನ ಸಾಲಿನವರ ತಲೆ ಅಡ್ಡ ಬಂದು ಅದೂ ಕಾಣುವುದಿಲ್ಲ.

ಹಳೇ_ಬ್ಯಾಂಡ್‌ಮಾಸ್ಟರ್

ತಾಳಪ್ರಿಯರ ಮಾತಿನಲ್ಲಿ ಅರ್ಧ ಸರಿ ಇದೆ. ಸಮ ಎಲ್ಲಿ ಎಂದು ಕೈ ತೋರಿಸಬೇಕು, ಎರಡರಲ್ಲೂ ಅದೇ ಕೆಲಸ. ಆದರೆ ತಾಳ ಹಾಕುವವನ ಕೈ ಹಾಡಿನ ಜೊತೆಜೊತೆಗೇ ಬೀಳುತ್ತದೆ. ಕೇಳುವವರೂ ತೊಡೆಯ ಮೇಲೆ ಹಾಕಬಹುದು, ಅದರಿಂದ ಹಾಡುವವರು ಹೊರಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಕ್ವಾಯರಿನ ಮುಂದೆ ನಿಂತವರ ಕೈ ಒಂದು ಬೀಟು ಮುಂಚೆಯೇ ಮಾತಾಡಬೇಕು. ಪೆಟ್ಟು ಬಿದ್ದ ಮೇಲೆ ತೋರಿಸಿದರೆ ಇಪ್ಪತ್ತು ಜನ ಇಪ್ಪತ್ತು ಗಳಿಗೆಗೆ ಉಸಿರು ತೆಗೆದುಕೊಳ್ಳುತ್ತಾರೆ. ಆ ಮುಂಚಿನ ಬೀಟನ್ನು ನಾವು ಪ್ರಿಪ್ ಅನ್ನುತ್ತಿದ್ದೆವು.

ಮೊದಲು ಮೂರು ಚಿತ್ರಗಳನ್ನು ಒಟ್ಟಿಗೆ ನೋಡಿ. ಬಲಗೈಯ ಲೆಕ್ಕ ಹೇಳುತ್ತೇನೆ. ಎರಡರಲ್ಲಿ ಕೈ ಕೆಳಗೆ ಬಿದ್ದು, ತುಸು ಹೊರಗೆ ಚಿಮ್ಮಿ, ಅಲ್ಲಿಂದ ಒಳಗೆ ತಿರುಗಿ ಮೇಲೆ ಹೋಗುತ್ತದೆ. ಮೂರರಲ್ಲಿ ಕೆಳಗೆ, ಹೊರಗೆ, ಮೇಲೆ. ನಾಲ್ಕರಲ್ಲಿ ಕೆಳಗೆ, ಎದೆಯ ಕಡೆ ಒಳಗೆ, ಅಲ್ಲಿಂದ ಅಗಲವಾಗಿ ಹೊರಗೆ, ಆಮೇಲೆ ಮೇಲೆ. ಅಂದರೆ ಒಂದನೆಯದು ಯಾವತ್ತೂ ನೆಟ್ಟಗೆ ಕೆಳಗೆ, ಕೊನೆಯದು ಯಾವತ್ತೂ ಮೇಲೆ. ಮೂರರಲ್ಲೂ ನಾಲ್ಕರಲ್ಲೂ ಕೊನೆಯದರ ಹಿಂದಿನದು ಹೊರಕ್ಕೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಹಾಡು ಒಂದನೇ ಬೀಟಿಗೆ ಶುರುವಾದರೆ ಪ್ರಿಪ್ ಎಂದರೆ ಕೊನೆಯ ಬೀಟು, ಅಂದರೆ ಮೇಲಕ್ಕೆ ಏಳುವ ಕೈ. ನಾಲ್ಕನೆಯದಕ್ಕೆ ಶುರುವಾದರೆ ಪ್ರಿಪ್ ಎಂದರೆ ಮೂರನೇ ಬೀಟು ಮಾತ್ರ, ಹೊರಕ್ಕೆ ಹೋಗುವ ಕೈ. ಒಂದನ್ನೂ ಎರಡನ್ನೂ ತೋರಿಸಲೇಬೇಡಿ. ಕೈಯನ್ನು ಎದೆಯ ಮಟ್ಟದಲ್ಲಿ, ಎರಡನೇ ಬೀಟು ಮುಗಿದ ಜಾಗದಲ್ಲಿ, ಕೊಂಚ ಒಳಗೆ ಇಟ್ಟು ಅಲ್ಲಾಡದೆ ನಿಲ್ಲಿ. ಎಲ್ಲರ ಕಣ್ಣು ಬಂದ ಮೇಲೆ ಕೈ ಹೊರಕ್ಕೆ ಹೋಗಲಿ, ಅದರ ಜೊತೆಗೇ ನೀವೂ ಬಾಯಿ ತೆರೆದು ಉಸಿರು ಎಳೆದುಕೊಳ್ಳಿ. ಕೈ ನಾಲ್ಕಕ್ಕೆ ತಿರುಗಿದಾಗ ಅವರು ಹಾಡುತ್ತಾರೆ. ಸೊಪ್ರಾನೊದವರು ಎರಡಕ್ಕೇ ಬಾಯಿ ತೆರೆಯುವುದು ನಿಮ್ಮ ಮೊದಲ ಚಲನೆಯನ್ನೇ ಅವರು ಪ್ರಿಪ್ ಅಂದುಕೊಂಡದ್ದರಿಂದ. ಅವರ ತಪ್ಪಲ್ಲ.

ಇನ್ನೊಂದು. ಪ್ರಿಪ್ ಎಷ್ಟು ವೇಗವಾಗಿ ಹೋಗುತ್ತದೋ ಹಾಡೂ ಅಷ್ಟೇ ವೇಗವಾಗಿ ಹೊರಡುತ್ತದೆ. ಗಾಬರಿಯಲ್ಲಿ ಪ್ರಿಪ್ ಚುರುಕಾಗಿ ಕೊಟ್ಟು, ಆಮೇಲೆ ಹಾಡನ್ನು ನಿಧಾನಕ್ಕೆ ಎಳೆಯಹೋದರೆ ಮೊದಲ ಸಾಲು ಪೂರ್ತಿ ಜಗ್ಗಾಟ. ಕೈ ಎತ್ತುವ ಮೊದಲು ಹಾಡಿನಲ್ಲಿ ಅಕ್ಷರಗಳು ತೀರಾ ಒತ್ತಾಗಿರುವ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ. ಆ ಸಾಲು ಬಾಯಿಗೆ ನಿಲುಕುವ ವೇಗವೇ ಸರಿಯಾದ ವೇಗ.

ಕೀಬೋರ್ಡ್_ಕಿಟ್ಟಿ

ಎಡಗೈ ವಿಷಯ ನನಗೂ ಇದ್ದ ಸಮಸ್ಯೆ. ಸುಲಭ ದಾರಿ ಅಂದರೆ ಎಡಗೈಯಲ್ಲಿ ಬರೀ ಬೇಸ್ ಸ್ವರ ಹಿಡಿಯಿರಿ. ಒಂದನೇ ಬೀಟಿಗೆ ಷಡ್ಜ, ಮೂರನೆಯದಕ್ಕೆ ಪಂಚಮ. ಬಲಗೈ ಮಧುರವಾಗಿ ರಾಗ ನುಡಿಸಲಿ. ತಿಂಗಳೊಪ್ಪತ್ತಿನಲ್ಲಿ ಎರಡೂ ಕೈ ಬೇರೆ ಬೇರೆ ಆಗುತ್ತದೆ.

ಬಸ್ರೂರು_ಬೇಸ್

ಕಿಟ್ಟಿಯವರೇ, ಅಕ್ಕ ಕೀಬೋರ್ಡ್ ನುಡಿಸುತ್ತಾ ಇಲ್ಲ. ಮುಂದೆ ನಿಂತು ಕೈ ಬೀಸುತ್ತಾ ಇರುವುದು.

ಕೀಬೋರ್ಡ್_ಕಿಟ್ಟಿ

ಓಹ್. ಹಾಗಾದರೆ ನುಡಿಸುವವನ ಪರವಾಗಿ ಒಂದು ಮಾತು ಹೇಳಿಯೇ ಹೋಗುತ್ತೇನೆ. ನಮ್ಮಲ್ಲಿ ಕೀಬೋರ್ಡ್ ಇರುವುದು ಕ್ವಾಯರಿನ ಒಂದು ಮಗ್ಗುಲಲ್ಲಿ. ಕೈ ಎದೆಯ ಮುಂದೆಯೇ ಆಡುತ್ತಿದ್ದರೆ ಭುಜದ ಹಿಂದಿನಿಂದ ನನಗೆ ಏನೂ ಕಾಣುವುದಿಲ್ಲ. ನುಡಿಸುವವರನ್ನೂ ಒಮ್ಮೆ ನೋಡಿ ಹೊರಡಿ.

ಫ್ರಾಂಕ್‌ಫರ್ಟ್_ಕನ್ನಡಿಗ

ಇಲ್ಲಿ ಹವ್ಯಾಸಿ ಕ್ವಾಯರೊಂದರಲ್ಲಿ ಟೆನರ್ ಹಾಡುತ್ತೇನೆ. ಕಿಟ್ಟಿಯವರು ಹೇಳಿದ್ದು ಬಹಳ ಹಳೆಯ ತಕರಾರು. ಫ್ರಾನ್ಸಿನ ಸಂಗೀತಗಾರ ಬರ್ಲಿಯೋಜ್ 19ನೇ ಶತಮಾನದ ನಡುವಿನಲ್ಲೇ ಮೂರರ ಲೆಕ್ಕದ ಎರಡನೇ ಬೀಟನ್ನು ಒಳಕ್ಕೆ ತೋರಿಸುವವರ ಬಗ್ಗೆ ಇದೇ ಆಕ್ಷೇಪ ಎತ್ತಿದ್ದ. ಕೈ ಮೈಯ ಮರೆಗೆ ಹೋದರೆ ಹಿಂದಿರುವವರಿಗೆ ಕಾಣುವುದಿಲ್ಲ ಎಂದು. ಈಗ ಎಲ್ಲರೂ ಎರಡನೆಯದನ್ನು ಹೊರಕ್ಕೇ ತೋರಿಸುತ್ತಾರೆ.

ಬ್ಯಾಂಡ್‌ಮಾಸ್ಟರ್ ಅವರಿಗೆ ಒಂದು ಪ್ರಶ್ನೆ. ಬೀಟುಗಳೆಲ್ಲ ಬೇರೆ ಬೇರೆ ಜಾಗದಲ್ಲಿ ಬೀಳುತ್ತವೆ ಎನ್ನುವ ಹಾಗೆ ಬರೆದಿದ್ದೀರಿ. ನನಗೆ ಕಲಿಸಿದವರು ಎಲ್ಲಾ ಬೀಟೂ ಎದೆಮುಂದಿನ ಒಂದೇ ಬಿಂದುವಿಗೆ ಬಂದು ತಾಗಬೇಕು, ಅಲ್ಲಿಂದ ಒಳಗೆ, ಹೊರಗೆ, ಮೇಲೆ ಚಿಮ್ಮಬೇಕು ಎನ್ನುತ್ತಿದ್ದರು. ಹಾಗಾದರೆ ಹಾಡುವವರ ಕಣ್ಣು ಒಂದೇ ಕಡೆ ನೆಟ್ಟಿರುತ್ತದಲ್ಲವೇ?

ಹಳೇ_ಬ್ಯಾಂಡ್‌ಮಾಸ್ಟರ್

ಎರಡೂ ಕಲಿಸುತ್ತಾರೆ. ಬ್ಯಾಂಡಿನವರು ಸ್ಟ್ಯಾಂಡಿನ ಮೇಲಿನ ಕಾಗದ ನೋಡುತ್ತಾ ನುಡಿಸುವಾಗ ನಾನು ಮೂರು ಎಲ್ಲೋ ನಾಲ್ಕು ಎಲ್ಲೋ ಎಂದು ಅಗಲವಾಗಿ ತೋರಿಸುತ್ತಿದ್ದೆ, ಕಣ್ಣಂಚಿಗೂ ತಿಳಿಯಲಿ ಎಂದು. ಒಂದೇ ಬಿಂದುವಿನಲ್ಲಿ ಹೊಡೆದರೆ ಹೊಡೆತ ಸ್ಪಷ್ಟ, ಆದರೆ ಎಷ್ಟನೇ ಬೀಟು ಎನ್ನುವುದು ಚಿಮ್ಮಿದ ಮೇಲಷ್ಟೇ ಗೊತ್ತಾಗುತ್ತದೆ.

ಯಾವ ಪದ್ಧತಿಯೇ ಆಗಲಿ, ಚಿಮ್ಮುವಿಕೆ ಚಿಕ್ಕದಿರಬೇಕು. ಕಾದ ಕಾವಲಿಗೆ ಬೆರಳು ತಾಗಿಸಿ ತೆಗೆದ ಹಾಗೆ ಮಣಿಕಟ್ಟು ಬೀಟಿಗೆ ತಾಗಿ ಏಳಬೇಕು, ಅಷ್ಟೇ. ಒಂದನೇ ಬೀಟಿನಿಂದ ಕೈ ಪುನಃ ಹಣೆಯ ಮಟ್ಟಕ್ಕೆ ಚಿಮ್ಮಿದರೆ ಅದು ಕೊನೆಯ ಬೀಟಿನ ಹಾಗೇ ಕಾಣುತ್ತದೆ. ಆಗ ಬಸ್ರೂರಿನವರು ಹೇಳಿದಂತೆ ಮೇಲೆ-ಕೆಳಗೆ ಮಾತ್ರ ನೋಡುವವರಿಗೆ ನಾಲ್ಕು ಬೀಟು ಎರಡಾಗಿ ಕಾಣುತ್ತದೆ. ಬಿದ್ದ ಎತ್ತರದ ಅರ್ಧಕ್ಕಿಂತ ಕಡಿಮೆ ಏಳಲಿ.

ಎರಡು ಬೀಟಿನ ಹಾಡಿನಲ್ಲಿ ಈ ಕಾಟ ಜಾಸ್ತಿ. ಎರಡೂ ಬೀಟನ್ನು ಒಂದೇ ಗಾತ್ರದಲ್ಲಿ ತೋರಿಸುತ್ತಾ ಹೋದರೆ ನಾಲ್ಕು ಸಾಲು ಕಳೆಯುವಷ್ಟರಲ್ಲಿ ಯಾವುದು ಒಂದು ಯಾವುದು ಎರಡು ಎಂದು ಯಾರಿಗೂ ತಿಳಿಯುವುದಿಲ್ಲ. ಒಂದು ನೆಟ್ಟಗೆ, ಭಾರವಾಗಿ ಬೀಳಲಿ. ಎರಡು ಹಗುರ. ಎರಡರ ಹಾಡು ಎರಡನೇ ಬೀಟಿಗೆ ಶುರುವಾಗುವುದಿದ್ದರೆ ಪ್ರಿಪ್ ಕೆಳಮುಖವೇ ಆಗಿರುತ್ತದೆ. ಅದನ್ನು ಚಿಕ್ಕದಾಗಿ, ತುಸು ಓರೆಯಾಗಿ ಕೊಡಿ. ದೊಡ್ಡದಾಗಿ ಕೊಟ್ಟರೆ ಅರ್ಧ ಜನ ಅಲ್ಲೇ ಹಾಡಿಬಿಡುತ್ತಾರೆ.

ಎಡಚ_ಎಂಜಿನಿಯರ್

ನಾನು ಎಡಚ. ಆಫೀಸಿನ ಹಾಡಿನ ತಂಡ ನಡೆಸುತ್ತೇನೆ. ಎಲ್ಲರೂ "ಬಲಗೈ" ಅಂತಲೇ ಬರೆಯುತ್ತಿದ್ದೀರಿ. ನಾನು ಎಡಗೈಯಲ್ಲಿ ಬೀಟು ಹಾಕಿ ಬಲಗೈಯಲ್ಲಿ ಉಳಿದದ್ದು ತೋರಿಸಿದರೆ ಏನು ಅನಾಹುತ?

ಹಳೇ_ಬ್ಯಾಂಡ್‌ಮಾಸ್ಟರ್

ನಿಮ್ಮದೇ ತಂಡಕ್ಕೆ ಏನೂ ಆಗುವುದಿಲ್ಲ. ಒಳಗೆ-ಹೊರಗೆ ಎಂದೇ ಬರೆದಿದ್ದೇನೆ, ಕನ್ನಡಿಯಂತೆ ತಿರುಗಿಸಿಕೊಳ್ಳಿ. ಫಿನ್‌ಲ್ಯಾಂಡಿನ ಪಾವೊ ಬರ್ಗ್ಲುಂಡ್ ಎಡಗೈಯಲ್ಲೇ ಕೋಲು ಹಿಡಿದು ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳನ್ನು ನಡೆಸಿದವರು. ಆದರೆ ಬೇರೆಯವರ ತಂಡದ ಮುಂದೆ ಒಂದು ದಿನದ ಮಟ್ಟಿಗೆ ನಿಂತರೆ ಅವರ ಕಣ್ಣು ಬಲಗೈಗೆ ಪಳಗಿರುತ್ತದೆ. ಮೂರನೇ ಬೀಟು ಅವರಿಗೆ ಎರಡನೆಯದಾಗಿ ಕಾಣಬಹುದು. ಬಹಳ ಕಡೆ ಎಡಚರಿಗೂ ಬಲಗೈಯನ್ನೇ ಕಲಿಸುವುದು ಅದಕ್ಕೇ.

ಎಡಚ_ಎಂಜಿನಿಯರ್

ಹಾಗಾದರೆ ನಾನು ಬದಲಾಯಿಸುವುದಿಲ್ಲ. ನನ್ನ ತಂಡ ನನಗೆ ಪಳಗಿದೆ.

ಆಲ್ಟೊ_ಅಕ್ಕ

ಸರ್, ಹೊರಕ್ಕೆ ಹೋಗುವ ಪ್ರಿಪ್ ಒಂದನ್ನೇ ಕೊಟ್ಟು ನೋಡಿದೆ. ಸೊಪ್ರಾನೊ, ಆಲ್ಟೊ ಒಟ್ಟಿಗೆ ಬಂದರು. ಬೇಸಿನವರೂ ಬಂದರು, ನಂಬಲೇ ಆಗಲಿಲ್ಲ! ಇನ್ನು ಎಡಗೈ ಉಳಿಯಿತು. ಎರಡನೇ ಚರಣ ಮೆಲ್ಲಗೆ ಶುರುವಾಗಿ ನಾಲ್ಕು ಆವರ್ತದಲ್ಲಿ ಜೋರಾಗಬೇಕು, ಅದರ ನಡುವೆ ಟೆನರ್ ತಡವಾಗಿ ಸೇರಿಕೊಳ್ಳಬೇಕು. ನಾನು ಎಡಗೈ ಎತ್ತುತ್ತೇನೆ, ಎಲ್ಲರೂ ಮೊದಲ ಆವರ್ತದಲ್ಲೇ ಕಿರುಚುತ್ತಾರೆ, ಟೆನರ್ ಯಾವಾಗಲೂ ಒಂದು ಬೀಟು ಹಿಂದೆ.

ಹಳೇ_ಬ್ಯಾಂಡ್‌ಮಾಸ್ಟರ್

ನಾಲ್ಕು ಆವರ್ತ ಎಂದರೆ ಹದಿನಾರು ಬೀಟು. ನಿಮ್ಮ ಎಡಗೈ ನಾಲ್ಕೇ ಬೀಟಿನಲ್ಲಿ ಭುಜದ ಮಟ್ಟ ಮುಟ್ಟಿರಬೇಕು, ಆಮೇಲೆ ಅದಕ್ಕೆ ಹೋಗಲು ಜಾಗವಿಲ್ಲ. ಅಂಗೈ ಮೇಲ್ಮುಖವಾಗಿ ಸೊಂಟದ ಹತ್ತಿರ ಶುರುವಾಗಲಿ. ಎಂಟನೇ ಬೀಟಿಗೆ ಅದು ಪಕ್ಕೆಯ ಮಟ್ಟ ದಾಟಿರಬಾರದು. ಕೊನೆಯ ಆವರ್ತದಲ್ಲಿ ಭುಜದ ಕಡೆಗೆ. ಬಲಗೈ ಚಿತ್ರವೂ ಜೊತೆಗೇ ದೊಡ್ಡದಾಗುತ್ತಾ ಹೋಗಬೇಕು. ಎಡಗೈ ಜೋರು ಎಂದು, ಬಲಗೈ ಮೆಲ್ಲಗೆ ಎಂದು ಹೇಳಿದರೆ ಅವರು ಯಾರ ಮಾತು ಕೇಳಬೇಕು? ಮೆತ್ತಗಾಗಬೇಕಾದಾಗ ಅಂಗೈಯನ್ನು ಹಾಡುವವರ ಕಡೆಗೆ ತಿರುಗಿಸಿ ನಿಧಾನವಾಗಿ ಇಳಿಸಿ.

ಎಡಗೈ ನಕಲು ಮಾಡುವುದನ್ನು ಬಿಡಿಸಲು ನಮಗೆ ಹೇಳಿಕೊಟ್ಟ ಅಭ್ಯಾಸ ಇದು. ಒಂದು ಸ್ಟೀಲ್ ಲೋಟಕ್ಕೆ ಮುಕ್ಕಾಲು ನೀರು ತುಂಬಿ ಮೇಜಿನ ಮೇಲೆ ಇಡಿ. ಬಲಗೈಯಲ್ಲಿ ಮೂರರ ಲೆಕ್ಕ ಹಾಕುತ್ತಾ ಎಡಗೈಯಲ್ಲಿ ಲೋಟವನ್ನು ಎಂಟು ಬೀಟಿನಲ್ಲಿ ಮೇಜಿನ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಸಿ, ಮತ್ತೆ ಎಂಟರಲ್ಲಿ ವಾಪಸ್ ತನ್ನಿ. ಎಂಟು ಮೂರರಿಂದ ಭಾಗವಾಗುವುದಿಲ್ಲ, ಆದ್ದರಿಂದ ಎಡಗೈ ತಿರುಗುವ ಹೊತ್ತಿಗೆ ಬಲಗೈ ಬೇರೆಲ್ಲೋ ಇರುತ್ತದೆ. ಪ್ರತಿ ಬೀಟಿಗೂ ನೀರು ಕುಲುಕಿದರೆ ಎಡಗೈ ಇನ್ನೂ ಬಲಗೈಯ ಮಾತು ಕೇಳುತ್ತಿದೆ ಎಂದರ್ಥ.

ಟೆನರ್ ಬಗ್ಗೆ: ಅವರು ನಿಮ್ಮ ಯಾವ ಬದಿಗೆ ನಿಲ್ಲುತ್ತಾರೆ? ಕೈ ತೋರಿಸುವುದು ಅವರು ಹಾಡಬೇಕಾದ ಬೀಟಿಗೋ, ಅದಕ್ಕೂ ಮುಂಚೆಯೋ?

ಆಲ್ಟೊ_ಅಕ್ಕ

ನನ್ನ ಬಲಕ್ಕೆ ನಿಲ್ಲುತ್ತಾರೆ. ಹಾಡಬೇಕಾದ ಬೀಟಿಗೇ ಎಡಗೈ ಚಾಚಿ ತೋರಿಸುತ್ತೇನೆ.

ಹಳೇ_ಬ್ಯಾಂಡ್‌ಮಾಸ್ಟರ್

ಅಲ್ಲಿಗೆ ಎರಡೂ ಗೊತ್ತಾಯಿತು. ಬೀಟಿಗೇ ತೋರಿಸಿದರೆ ಅವರು ಆಮೇಲೆ ಉಸಿರು ತೆಗೆದುಕೊಂಡು ಮುಂದಿನದಕ್ಕೆ ಹಾಡುತ್ತಾರೆ. ನಡುವೆ ಸೇರುವವರಿಗೆ ಕೊಡುವ ಸನ್ನೆಗೂ, ಅಂದರೆ ಕ್ಯೂಗೂ, ಪ್ರಿಪ್ ಬೇಕು. ಒಂದು ಆವರ್ತ ಮುಂಚೆಯೇ ಅವರ ಕಡೆ ನೋಡಿ, ಒಂದು ಬೀಟು ಮುಂಚೆ ಅವರ ಜೊತೆ ಉಸಿರು ಎಳೆಯಿರಿ, ಬೀಟಿಗೆ ಸರಿಯಾಗಿ ಸಣ್ಣ ಸನ್ನೆ ಸಾಕು. ಇನ್ನು ಎಡಗೈ ಎದೆಯ ಮುಂದೆ ಹಾದು ಬಲಬದಿಗೆ ಹೋದರೆ ಬಲಗೈ ಚಿತ್ರವನ್ನೇ ಮುಚ್ಚುತ್ತದೆ. ಬಲಬದಿಯವರಿಗೆ ಕಣ್ಣು, ಹುಬ್ಬು, ಸ್ವಲ್ಪ ಮೈ ತಿರುಗಿಸಿದ ಬಲಗೈಯೇ ಸಾಕು. ಎಡಗೈ ಜೋರು ಮಾಡುವ ಕೆಲಸದಲ್ಲೇ ಇರಲಿ.

ಫ್ರಾಂಕ್‌ಫರ್ಟ್_ಕನ್ನಡಿಗ

ಎರಡೂ ಕೈ ಒಂದೇ ಚಿತ್ರ ಹಾಕುವುದು ಸಂಪೂರ್ಣ ತಪ್ಪು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೂರಿನ್ನೂರು ಜನ ಅಗಲವಾಗಿ ನಿಂತ ವೇದಿಕೆಯಲ್ಲಿ, ಕೊನೆಯ ದೊಡ್ಡ ಸಾಲಿಗೆ, ಒಳ್ಳೊಳ್ಳೆಯವರೂ ಎರಡೂ ಕೈ ಬೀಸುತ್ತಾರೆ. ನಾನೇ ಹಾಗೆ ನೋಡಿ ಹಾಡಿದ್ದೇನೆ.

ಬಸ್ರೂರು_ಬೇಸ್

ಇಪ್ಪತ್ತು ಜನಕ್ಕೆ ಇಡೀ ಹೊತ್ತು ಎರಡೂ ಕೈ ಬೀಸಿದರೆ ನಮಗೆ ಗಾಳಿ ಬರುತ್ತದೆ, ಅಷ್ಟೇ. ನಾಲ್ಕರ ಎರಡನೇ ಬೀಟಿಗೆ ಎರಡೂ ಕೈ ಒಳಗೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನೂ ಕಂಡಿದ್ದೇನೆ.

ತಾಳಪ್ರಿಯ

ಪ್ರಿಪ್ ವಿಷಯ ಒಪ್ಪಿದೆ. ಅಭ್ಯಾಸದ ಹೊತ್ತಿನಲ್ಲಿ ಬಾಯಲ್ಲಿ ಎಣಿಸುವುದರಿಂದ ನಷ್ಟವಿಲ್ಲ ಎಂದು ಈಗಲೂ ಹೇಳುತ್ತೇನೆ. ಒಂದು ಕೇಳುತ್ತೇನೆ. ಮಕ್ಕಳ ಹುಟ್ಟುಹಬ್ಬಕ್ಕೆ ಎಲ್ಲರೂ "ಹ್ಯಾಪಿ ಬರ್ತ್‌ಡೇ" ಹಾಡುವಾಗ ಹೆಸರಿನ ಹತ್ತಿರ ಬಂದ ಕೂಡಲೇ ಕಲಸುಮೇಲೋಗರ ಆಗುತ್ತದಲ್ಲ, ಅದನ್ನು ಕೈಯಲ್ಲಿ ಸರಿ ಮಾಡಬಹುದೇ?

ಹಳೇ_ಬ್ಯಾಂಡ್‌ಮಾಸ್ಟರ್

ಒಳ್ಳೆಯ ಪಾಠ ಅದು. ಮೂರರ ಲೆಕ್ಕದ ಹಾಡು, ಮೂರನೇ ಬೀಟಿಗೆ ಶುರು. "ಹ್ಯಾಪಿ" ಎರಡೂ ಅಕ್ಷರ ಮೂರರಲ್ಲೇ, "ಬರ್ತ್" ಒಂದು, "ಡೇ" ಎರಡು, "ಟು" ಮೂರು, "ಯು" ಮತ್ತೆ ಒಂದು. ಆದ್ದರಿಂದ ಪ್ರಿಪ್ ಎರಡನೇ ಬೀಟು, ಅದೇ ಹೊರಕ್ಕೆ ಹೋಗುವ ಕೈ. ಅಕ್ಕನವರ ನಾಲ್ಕರ ಹಾಡಿಗೆ ಕೊಟ್ಟ ಪ್ರಿಪ್ ಇಲ್ಲೂ ಹಾಗೇ ನಡೆಯುತ್ತದೆ.

ಮೂರನೇ ಸಾಲಿನಲ್ಲಿ "ಬರ್ತ್" ಮೇಲಿನ ಸ್ವರಕ್ಕೆ ಹಾರುತ್ತದೆ, ಅಲ್ಲಿಗೆ ಬಲಗೈ ಎತ್ತರದಿಂದ ಬೀಳಲಿ. ಆಮೇಲೆ ಹೆಸರು. ಹೆಸರು ಸುಮಾ ಎಂದಿಟ್ಟುಕೊಳ್ಳಿ. "ಸು" ಒಂದಕ್ಕೆ, "ಮಾ" ಎರಡಕ್ಕೆ. ಎಲ್ಲರೂ "ಮಾ" ಎಳೆಯುತ್ತಾರೆ, ಯಾರು ಯಾವಾಗ ಬಿಡುತ್ತಾರೋ ದೇವರಿಗೇ ಗೊತ್ತು. ಇಲ್ಲಿ ಬಲಗೈ ಎರಡನೇ ಬೀಟಿನ ಜಾಗದಲ್ಲೇ ನಿಲ್ಲಬೇಕು. ಎಡಗೈ ಅಂಗೈ ಮೇಲೆ ಮಾಡಿ, ತೀರಾ ಸ್ತಬ್ಧವಾಗದೆ ಹೊರಕ್ಕೆ ನಿಧಾನವಾಗಿ ಸರಿಯುತ್ತಿರಲಿ. ಅದು ಸರಿಯುವವರೆಗೂ ಹಾಡುವವರ ಉಸಿರು ನಡೆಯುತ್ತದೆ. ಬಿಡಬೇಕೆಂದಾಗ ಎಡಗೈ ಸಣ್ಣ ಸುತ್ತು ಹಾಕಿ ಮುಚ್ಚುತ್ತದೆ, ಅದೇ ಗಳಿಗೆಗೆ ಬಲಗೈ ಎರಡನೇ ಬೀಟನ್ನು ಇನ್ನೊಮ್ಮೆ ಹೊರಕ್ಕೆ ಕೊಡುತ್ತದೆ. ಒಂದೇ ಸನ್ನೆಯಲ್ಲಿ ಹೆಸರೂ ನಿಂತಿತು, ಮುಂದಿನ "ಹ್ಯಾಪಿ"ಗೆ ಉಸಿರೂ ಸಿಕ್ಕಿತು. ಮೊದಲು ನಿಲ್ಲಿಸಿ, ಸುಮ್ಮನಿದ್ದು, ಆಮೇಲೆ ಬೇರೆ ಪ್ರಿಪ್ ಕೊಟ್ಟರೆ ನಡುವೆ ಯಾರಾದರೂ ಒಬ್ಬರು ಹಾಡಿಯೇ ಹಾಡುತ್ತಾರೆ.

ಆಲ್ಟೊ_ಅಕ್ಕ

ನಿಲ್ಲಿಸುವುದರ ಬಗ್ಗೆ ನನ್ನದೂ ಒಂದು. ಹಾಡಿನ ಸಾಲು "ದೇವಾ" ಎಂದು ಮುಗಿಯುತ್ತದೆ. ನಾನು ಹೆಬ್ಬೆರಳು ತೋರುಬೆರಳು ಕೂಡಿಸಿ ಮುಚ್ಚಿದರೆ "ದೇವಾಮ್" ಎಂದು ಕೇಳಿಸುತ್ತದೆ.

ಹಳೇ_ಬ್ಯಾಂಡ್‌ಮಾಸ್ಟರ್

ಬೆರಳು ಮುಚ್ಚಿದ್ದನ್ನು ನೋಡಿ ಅವರು ತುಟಿ ಮುಚ್ಚುತ್ತಿದ್ದಾರೆ. ಕನ್ನಡದ ಸಾಲುಗಳು ಹೆಚ್ಚಾಗಿ ಅ, ಆ, ಇ ತರಹದ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ಬೆರಳು ಕೂಡಿಸುವ ಸನ್ನೆ ನಮಗೆ ಅಷ್ಟಾಗಿ ಹೊಂದುವುದಿಲ್ಲ. "ಆಮೆನ್"ಗೆ ಸರಿ, ಬೆರಳು ಕೂಡಿದ ಗಳಿಗೆಗೇ "ನ್" ಬೀಳುತ್ತದೆ. "ದೇವಾ"ಗೆ ಕೈ ತೆರೆದೇ ಇರಲಿ, ಸಣ್ಣ ಸುತ್ತು ಹಾಕಿ ಮೇಲೆ ಏಳಲಿ, ನೀವು ಬಾಯಿ ತೆರೆದಿಟ್ಟುಕೊಂಡೇ ಉಸಿರು ಒಳಗೆ ಎಳೆಯಿರಿ. ಅವರೂ ಎಳೆಯುತ್ತಾರೆ. ಒಳಗೆ ಉಸಿರು ಎಳೆಯುತ್ತಾ ಯಾರಿಗೂ ಹಾಡಲಾಗುವುದಿಲ್ಲ, ಸ್ವರ ತಾನಾಗಿ ನಿಲ್ಲುತ್ತದೆ.

ಫ್ರಾಂಕ್‌ಫರ್ಟ್_ಕನ್ನಡಿಗ

ನಮ್ಮಲ್ಲಿ ಹಾಗೆ ಮಾಡಿದಾಗ ಉಸಿರಿನ ಸದ್ದೇ ಮೈಕಿಗೆ ಸಿಕ್ಕಿತ್ತು.

ಹಳೇ_ಬ್ಯಾಂಡ್‌ಮಾಸ್ಟರ್

ಮೈಕು ತುಟಿಯ ಹತ್ತಿರವೇ ಇದ್ದರೆ ಹಾಗಾಗುತ್ತದೆ. ಬಾಯಿ ಸಾಕಷ್ಟು ತೆರೆದಿದ್ದರೆ ಸದ್ದು ಕಡಿಮೆ. ಪೂರ್ತಿ ಹೋಗುವುದಿಲ್ಲ.

ಆಲ್ಟೊ_ಅಕ್ಕ

ಲೋಟದ ಅಭ್ಯಾಸ ಶುರು ಮಾಡಿದ್ದೇನೆ. ಮೂರರಲ್ಲಿ ನೀರು ಕುಲುಕುವುದು ಕಡಿಮೆಯಾಗಿದೆ, ನಾಲ್ಕರಲ್ಲಿ ಇನ್ನೂ ಮೇಜು ಒರೆಸುತ್ತಿದ್ದೇನೆ. ಟೆನರ್‌ಗೆ ಹುಬ್ಬಿನ ಸನ್ನೆ ಕೊಟ್ಟೆ, ಮೂವರಲ್ಲಿ ಇಬ್ಬರು ಬಂದರು. ಮೂರನೆಯವರು ಪುಸ್ತಕದಿಂದ ತಲೆಯನ್ನೇ ಎತ್ತುವುದಿಲ್ಲ, ಅವರಿಗೆ ಕೈಯೂ ಒಂದೇ, ಹುಬ್ಬೂ ಒಂದೇ.

ಬಸ್ರೂರು_ಬೇಸ್

ಅವರನ್ನು ಬೇಸಿಗೆ ಕಳಿಸಿ ಅಕ್ಕಾ, ನಮ್ಮಲ್ಲಿ ಜಾಗ ಇದೆ.